ಬಾಕಿ ಇರುವ ದಾಖಲೆಗಳು

ಅಪ್ಪ ತೀರಿಕೊಂಡ ನಾಲ್ಕನೆಯ ದಿನ ಕೆಲಸದ ಪತ್ರ ಬಂತು. ಹಾಸನದ ಕಾಫಿ ಸಂಸ್ಕರಣಾ ಘಟಕವೊಂದರ ಲ್ಯಾಬಿನಲ್ಲಿ ಸಹಾಯಕಿಯ ಹುದ್ದೆ. ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಿ, ಸೋಮವಾರ ಸೇರಬೇಕು ಎಂದಿತ್ತು. ಮುಂದಿನ ಬುಧವಾರ ಅಪ್ಪನ ಹನ್ನೊಂದನೆಯ ದಿನದ ಶಿವಗಣಾರಾಧನೆ. ಅದು ಮುಗಿಯುವವರೆಗೆ ನಮ್ಮಲ್ಲಿ ಮನೆಯವರು ಯಾರೂ ಕೆಲಸಕ್ಕೆ ಹೊರಡುವುದಿಲ್ಲ.

ಮನೆ ತುಂಬ ನೆಂಟರು. ನಾನು ಫೋನು ಹಿಡಿದು ಕಣದ ಮೂಲೆಗೆ ಹೋದೆ. ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ. ಚಿಕ್ಕಪ್ಪ ಹಿಂದೆಯೇ ಬಂದರು.

‘ಏನಂತವ್ವ?’

‘ಸೇರೋ ದಿನ ಮುಂದಕ್ಕೆ ಹಾಕಿ ಅಂತ ಕೇಳ್ತಿದೀನಿ.’

‘ಕಾರಣ ಬರ್ದ್ಯಾ?’

‘ವೈಯಕ್ತಿಕ ಅಂತ ಬರ್ದೆ.’

‘ಅಲ್ಲ ಕಣೆ, ಅವ್ರೇನು ಕನಸು ಕಾಣ್ತಾರಾ? ನಿಮ್ಮಪ್ಪನಂಗೇ ನೀನೂವೆ. ಬಾಯಿ ಬುಡಲ್ಲ.’

ನಾನು ಕಳಿಸಿದ್ದು ಇಷ್ಟೇ: ‘ಹುದ್ದೆಯನ್ನು ಒಪ್ಪಿಕೊಂಡಿದ್ದೇನೆ. ವೈಯಕ್ತಿಕ ಕಾರಣದಿಂದ ಸೋಮವಾರದ ಬದಲು ಗುರುವಾರ ಸೇರಲು ಅನುಮತಿ ಕೋರುತ್ತೇನೆ. ಎಸ್ಟೇಟ್ ಆಫೀಸಿನ ರಿಲೀವಿಂಗ್ ಪತ್ರ ಬಾಕಿ ಇದೆ, ಸೇರುವ ದಿನ ಕೊಡುತ್ತೇನೆ. ಪಿಎಫ್ ನಾಮಿನಿ ಫಾರಂ ಬದಲಿಸಿ ಕೊಡಬೇಕಿದೆ.’

ಸಂದರ್ಶನದ ದಿನವೇ ತುಂಬಿಸಿಕೊಂಡಿದ್ದ ಆ ಫಾರಮ್ಮಿನಲ್ಲಿ ನಾಮಿನಿ ಜಾಗದಲ್ಲಿ ಅಪ್ಪನ ಹೆಸರಿತ್ತು.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಸೋಮವಾರ ಎಲ್ಲರಿಗೂ ಒಟ್ಟಿಗೆ ತರಬೇತಿ ಶುರು, ಸ್ಪಷ್ಟ ಕಾರಣವಿಲ್ಲದೆ ದಿನಾಂಕ ಬದಲಿಸಲಾಗದು, ಐದರೊಳಗೆ ಅದನ್ನು ತಿಳಿಸದಿದ್ದರೆ ಪಟ್ಟಿಯಲ್ಲಿ ಮುಂದಿರುವವರನ್ನು ಕರೆಯುತ್ತೇವೆ. ಗಂಟೆ ನಾಲ್ಕು ನಲವತ್ತು.

ಎಂಎಸ್ಸಿ ಮುಗಿಸಿ ಎರಡು ವರ್ಷ ಎಸ್ಟೇಟಿನಲ್ಲಿ ಹಾಜರಿ ಬರೆದವಳು ನಾನು. ಓದಿಗೆ ಸಂಬಂಧಪಟ್ಟ ಕೆಲಸ ಬಂದದ್ದು ಇದೊಂದೇ.

ಬಂದವರಿಗೆಲ್ಲ ಅಮ್ಮನೋ ಚಿಕ್ಕಪ್ಪನೋ ವಿಷಯ ಹೇಳಿದ್ದರು. ನನ್ನ ಬಾಯಿಂದ ಆ ಮಾತು ಒಮ್ಮೆಯೂ ಬಂದಿರಲಿಲ್ಲ. ‘ನನ್ನ ತಂದೆ’ ಎಂದು ಟೈಪ್ ಮಾಡಿ ನಿಂತೆ. ಒಳಗೆ ಯಾರೋ ಪಾತ್ರೆ ಜೋರಾಗಿ ಇಟ್ಟರು. ‘ಭಾನುವಾರ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯ ಬುಧವಾರ ಇದೆ.’ ಕಳಿಸಿದೆ.

ಐದಕ್ಕೆ ಎರಡು ನಿಮಿಷ ಇರುವಾಗ ಫೋನು ಸದ್ದು ಮಾಡಿತು. ‘ಸಂತಾಪಗಳು. ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಬನ್ನಿ. ದಿನಾಂಕ ಬದಲಿಸಿದ್ದಕ್ಕೆ ಆಧಾರವಾಗಿ ಮರಣ ಪ್ರಮಾಣಪತ್ರದ ಪ್ರತಿ ತನ್ನಿ.’

ಚಿಕ್ಕಪ್ಪನಿಗೆ ಓದಿ ಹೇಳಿದೆ. ‘ಅಯ್ಯೋ, ಪಂಚಾಯ್ತೀಲಿ ಇನ್ನೂ ಬರ್ಸೇ ಇಲ್ವಲ್ಲೇ,’ ಎಂದರು. ‘ನಾಳೆ ನಾನ್ ಹೋಯ್ತೀನಿ. ಅಣ್ಣನ ಆಧಾರ್ ಎಲ್ಲೈತೆ?’

ಅಪ್ಪನ ಅಂಗಿ ಇನ್ನೂ ಗೂಟದಲ್ಲಿತ್ತು. ಆಧಾರ್ ಕಾರ್ಡು ಅದರ ಜೇಬಿನಲ್ಲೇ ಇರುವುದು ನನಗೆ ಗೊತ್ತಿತ್ತು. ನಾಲ್ಕು ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಕಣದ ಅಂಚಿನಲ್ಲೇ ನಿಂತು ಮೊದಲು ಉತ್ತರ ಬರೆದೆ: ‘ಗುರುವಾರ ಸೇರುತ್ತೇನೆ. ಬಾಕಿ ದಾಖಲೆಗಳು ಮೂರು: ರಿಲೀವಿಂಗ್ ಪತ್ರ, ಹೊಸ ನಾಮಿನಿ ಫಾರಂ, ತಂದೆಯ ಮರಣ ಪ್ರಮಾಣಪತ್ರ.’

ಆಮೇಲೆ ಒಳಗೆ ಹೋಗಿ ಅಂಗಿಯ ಜೇಬಿಗೆ ಕೈ ಹಾಕಿದೆ.