ಒತ್ತಿ ನೋಡಿದವರು ಓಡಿಹೋದ ವಿಡಿಯೋ

ಕುಂದಾಣದ ಹತ್ತಿರದ ಒಂದು ಸಣ್ಣ ಊರಿನಲ್ಲಿ ಶಶಿರೇಖಾ ಅಂತ ಇದ್ದಾಳೆ. ಮದುವೆಯಾಗಿ ಬಂದ ವರ್ಷದಿಂದಲೂ ಅವಳದು ರೇಷ್ಮೆ ಹುಳು ಸಾಕಣೆ. ಗಂಡ ಗೋಪಾಲಪ್ಪ ತೋಟದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹಾಕುತ್ತಾನೆ, ಹುಳು ನೋಡಿಕೊಳ್ಳೋದು ಪೂರ್ತಿ ಇವಳದೇ. ಸೊಪ್ಪು ಒದ್ದೆಯಾಗಿದ್ದರೆ ಎಷ್ಟು ಹೊತ್ತು ಹರಡಬೇಕು, ಯಾವ ಕಿಟಕಿ ಯಾವಾಗ ತೆಗೆಯಬೇಕು ಅಂತ ಅಕ್ಕಪಕ್ಕದವರು ಇವಳನ್ನೇ ಕೇಳುತ್ತಿದ್ದರು. ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿ, ಅದನ್ನೇ ಯೂಟ್ಯೂಬಿನಲ್ಲಿ ಹೇಳುವುದಕ್ಕೆ ಶುರುಮಾಡಿದಳು.

ಫೋನು ಹಿಡಿಯೋದು, ಕತ್ತರಿಸಿ ಜೋಡಿಸೋದು ಭಾವನ ಮಗ ಕೆಂಪರಾಜನ ಕೆಲಸ. ಅವನು ದೇವನಹಳ್ಳಿಯಲ್ಲಿ ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ ಇಟ್ಟಿದ್ದಾನೆ. ಜೋಡಿಸಿದ ವಿಡಿಯೋ ಇವಳಿಗೆ ತಂದು ತೋರಿಸುತ್ತಾನೆ. ಇವಳು ಕೂತು ಮೊದಲಿಂದ ಕೊನೆವರೆಗೂ ನೋಡಿ, ತಪ್ಪಿದ್ದರೆ ಹೇಳಿ, ಸರಿ ಅಂದಮೇಲೆ ಅವನು ಸ್ಟುಡಿಯೋಗೆ ಹೋಗಿ ಹಾಕುತ್ತಾನೆ. ವಿಡಿಯೋದ ಹೆಸರು, ಮೇಲೆ ಕಾಣುವ ಚಿತ್ರ ಎಲ್ಲಾ ಇಡೋದು ಅಲ್ಲೇ. ಒಳಗಿನದನ್ನು ಇಷ್ಟು ಕಟ್ಟುನಿಟ್ಟಾಗಿ ನೋಡುವವಳು ಹೊರಗೆ ಏನು ಬರೆದಿದೆ ಅಂತ ಒಂದು ದಿನವೂ ಕೇಳಿದವಳಲ್ಲ.

ಈ ಸಲದ ಹುಳು ಪೊರೆ ಕಳಚುವ ನಾಲ್ಕನೇ ನಿದ್ದೆ ಮುಗಿಸಿ ಎದ್ದು, ಮಳೆ ಬಿದ್ದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿನ್ನುತ್ತಿತ್ತು. ಇನ್ನು ಕೆಲವೇ ದಿನದಲ್ಲಿ ಹಣ್ಣಾಗುತ್ತದೆ. ಹಣ್ಣಾದ ಹುಳು ಮೈ ಹಳದಿಯಾಗಿ ತಲೆ ಎತ್ತಿ ಗೂಡು ಕಟ್ಟುವುದಕ್ಕೆ ಜಾಗ ಹುಡುಕುತ್ತದೆ. ಆಗ ಒಂದೊಂದನ್ನೂ ಕೈಯಲ್ಲಿ ಆರಿಸಿ, ಗೂಡು ಕಟ್ಟಲು ಬಿದಿರಲ್ಲಿ ಹೆಣೆದ ಚಂದ್ರಿಕೆಗೆ ಬಿಡಬೇಕು. ಎಲ್ಲವೂ ಹೆಚ್ಚುಕಮ್ಮಿ ಒಟ್ಟಿಗೇ ಹಣ್ಣಾಗುವುದರಿಂದ ಮನೆಯವರ ಕೈ ಸಾಲದು. ಅದಕ್ಕೇ ಊರಲ್ಲಿ ಮುಯ್ಯಾಳು. ಇವರ ಹುಳು ಹಣ್ಣಾದರೆ ಅವರು ಬರುತ್ತಾರೆ, ಅವರದು ಹಣ್ಣಾದರೆ ಇವರು ಹೋಗುತ್ತಾರೆ.

ಮುಯ್ಯಾಳು ಹೇಳಿ ಬರೋಣ ಅಂತ ಶಶಿರೇಖಾ ಮೊದಲು ದ್ಯಾವಮ್ಮನ ಮನೆಗೆ ಹೋದಳು. ದ್ಯಾವಮ್ಮ ಎರಡು ಮನೆ ಆಚೆಯವಳು, ವಯಸ್ಸಿನಲ್ಲಿ ದೊಡ್ಡವಳು, ಆಕೆ ಬಂದರೆ ಉಳಿದ ಹೆಂಗಸರೂ ಬರುತ್ತಾರೆ.

ದ್ಯಾವಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಂತ್ಕೋ ಶಶಿ. ಒಳಕ್ಕೆ ಬರ್ಬೇಡ."

"ಯಾಕಕ್ಕಾ?"

"ನಮ್ಮನೇಲೂ ಹುಳ ಐತೆ. ರೋಗದ ಮನೆಯವರನ್ನ ಒಳಕ್ಕೆ ಬಿಟ್ಕೊಂಡು ನಾನೇನು ಮಣ್ಣು ತಿನ್ಲಾ?"

"ರೋಗ ಯಾರ ಮನೇಲಿ?"

"ನನ್ನನ್ನೇ ಕೇಳ್ತೀಯಲ್ಲಾ! ಊರಿಗೆಲ್ಲಾ ನೀನೇ ಸಾರಿದ್ದೀಯ. ನಿನ್ನ ಅಳುಮುಖ ಸಮೇತ ಬಂದೈತೆ."

ಬಾಗಿಲು ಹಾಕಿಕೊಂಡಿತು. ಶಶಿರೇಖಾ ಇನ್ನೂ ಮೂರು ಮನೆಗೆ ಹೋದಳು. ಒಬ್ಬಳಿಗೆ ತೂಬಗೆರೆಯಲ್ಲಿ ನಾಮಕರಣ. ಒಬ್ಬಳಿಗೆ ಸೊಂಟ ನೋವು. ಇನ್ನೊಬ್ಬಳು ಬಾಗಿಲೇ ತೆಗೆಯಲಿಲ್ಲ, ಒಳಗೆ ಟೀವಿ ಓಡುತ್ತಿತ್ತು.

ಬರುವಾಗ ಅವಳಿಗೆ ಅನುಮಾನ ಬಂದದ್ದು ಒಬ್ಬಳ ಮೇಲೆಯೇ, ದ್ಯಾವಮ್ಮನ ಸೊಸೆ ಚಂದನ. ಅವಳೂ ಹೂ ಕಟ್ಟೋದು, ರವಿಕೆ ಹೊಲಿಯೋದು ಅಂತ ಯೂಟ್ಯೂಬಿಗೆ ಹಾಕುತ್ತಾಳೆ. ನನ್ನ ಚಾನೆಲ್ ಜನ ನೋಡೋದು ಕಮ್ಮಿಯಾಗಿರೋದೂ ಈಗಲೇ, ಅತ್ತೆ ಬಾಯಲ್ಲಿ ಈ ಮಾತು ಬಂದಿರೋದೂ ಈಗಲೇ. ಇವಳೇ ಏನೋ ಕಿತಾಪತಿ ಮಾಡಿದ್ದಾಳೆ ಅಂದುಕೊಂಡಳು. ಗೋಪಾಲಪ್ಪನಿಗೆ ಹೇಳಿದರೆ, "ಹುಡುಗಿ ನಗ್ತಾ ಮಾತಾಡ್ಸುತ್ತಲ್ಲೇ" ಅಂದ. ಆ ನಗುವೇ ತನಗೆ ಸರಿಬರದು ಅಂದಳು ಇವಳು.

ಮಾರನೆಯ ದಿನ ಹಾಲಿನ ಡೈರಿ ಮುಂದೆ ಚಂದನ ಸಿಕ್ಕಿದಳು. ಶಶಿರೇಖಾ ಬಿಡಲಿಲ್ಲ.

"ನಮ್ಮನೆಗೆ ರೋಗ ಬಂತು ಅಂತ ನಿಮ್ಮತ್ತೆಗೆ ಹೇಳ್ದೋಳು ನೀನೇ ಅಲ್ವೇನೇ?"

"ನಾನೇ. ತೋರಿಸ್ದೆ. ನೀವೇ ಹಾಕಿದ್ರಲ್ಲಕ್ಕಾ, ನೋಡಿ."

ಚಂದನ ಫೋನು ತೆಗೆದು ಹಿಡಿದಳು. ಮೇಲೆ ದಪ್ಪ ಕೆಂಪು ಅಕ್ಷರ: 'ನಮ್ಮ ಹುಳು ಮನೆಗೆ ರೋಗ! ಎಲ್ಲಾ ಮುಗಿದುಹೋಯ್ತು!' ಚಿತ್ರದಲ್ಲಿ ಕಪ್ಪಗೆ ಕೊಳೆತ ಹುಳುವಿನ ರಾಶಿ. ಪಕ್ಕದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವ ಶಶಿರೇಖಾ.

ರಾಶಿ ಯಾರ ಮನೆಯದೋ. ಕಣ್ಣೊರೆಸಿಕೊಂಡದ್ದು ನಿಜ, ಆದರೆ ಅದು ಬೇರೆ ವಿಡಿಯೋ ತೆಗೆಯುವಾಗ ಸುಣ್ಣದ ಪುಡಿ ಕಣ್ಣಿಗೆ ಬಿದ್ದು. ಈ ವಿಡಿಯೋದಲ್ಲಿ ಅವಳು ತೋರಿಸಿದ್ದು, ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಹುಳುಗಳನ್ನು ಕಡ್ಡಿಯಲ್ಲಿ ಆರಿಸಿ ಬ್ಲೀಚಿಂಗ್ ನೀರಿಗೆ ಹಾಕುವುದನ್ನು. ಪ್ರತಿ ಬೆಳೆಯಲ್ಲೂ ಎಲ್ಲರೂ ಮಾಡುವ ಕೆಲಸ. ರೋಗ ಬರದಿರಲಿ ಅಂತ ಮಾಡುವ ಕೆಲಸ.

"ನಿಮ್ಮತ್ತೆ ಒಳಗೆ ಏನೈತೆ ಅಂತ ನೋಡ್ಲಿಲ್ವಾ?"

"ಒತ್ತಿದ್ರು. ನೀವು ಕಡ್ಡಿ ಹಿಡ್ಕೊಂಡು ಮಾತಾಡ್ತಿದ್ರಿ. ಸತ್ತ ಹುಳ ಎಲ್ಲಿ ಅಂತ ಒಂಚೂರು ನೋಡಿ, ಕಾಣ್ಲಿಲ್ಲ ಅಂತ ಮುಚ್ಚಿಬಿಟ್ರು. ಮುಚ್ಚಿಡ್ತಾ ಅವಳೆ, ಒಳಗೆ ಪೂರಾ ಹೋಗಿರ್ಬೇಕು ಅಂದ್ರು."

ಶಶಿರೇಖಾಗೆ ಮೈ ಉರಿಯಿತು. ಆದರೂ ಚಂದನಳ ಮೇಲಿನ ಅನುಮಾನ ಹೋಗಲಿಲ್ಲ. ಇಷ್ಟು ಗೊತ್ತಿದ್ದೂ ಸುಮ್ಮನೆ ಯಾಕಿದ್ದಳು?

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ನೀವೇ ಇಟ್ಟಿರೋ ಹೆಸ್ರು ಅಂದ್ಕೊಂಡೆ. ದಾರೀಲಿ ಮುಖ ತಿರುಗಿಸ್ಕೊಂಡು ಹೋಗೋರ ಹತ್ರ ಹೆಂಗೆ ಹೇಳೋದು?"

ಶಶಿರೇಖಾ ಆ ಫೋನನ್ನು ಕೈಗೆ ತಗೊಂಡು ಮತ್ತೆ ನೋಡಿದಳು. ಚಂದನ ಕೇಳಿದಳು, "ಯೂಟ್ಯೂಬಿನ ಸ್ಟುಡಿಯೋ ಆಪ್ ನಿಮ್ಮ ಫೋನಲ್ಲಿ ಇಲ್ವಾ? ಚಾನೆಲ್ಲಿನ ಲೆಕ್ಕಾಚಾರ ಎಲ್ಲಾ ಅದ್ರಲ್ಲಿ ಕಾಣುತ್ತೆ."

"ಅದೆಲ್ಲಾ ನಿನಗ್ಯಾಕೆ ತಲೆನೋವು ಚಿಕ್ಕಮ್ಮಾ ಅಂದಿದ್ದ ಕೆಂಪರಾಜ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬೇರೆ ಥರ ಕೇಳಿಸಿತು. ಚಾನೆಲ್ ಇರುವುದು ಅವಳದೇ ಮೇಲ್ ಐಡಿಯಲ್ಲಿ. ಚಂದನ ಡೈರಿ ಕಟ್ಟೆಯ ಮೇಲೆ ಕೂತು ಆಪ್ ಹಾಕಿಕೊಟ್ಟಳು. ಒಂದು ಗೆರೆ ತೋರಿಸಿದಳು. ಜನ ವಿಡಿಯೋ ಎಲ್ಲಿವರೆಗೆ ನೋಡಿದರು ಅಂತ ಹೇಳುವ ಗೆರೆ ಅದು. ರೋಗದ ವಿಡಿಯೋದ ಗೆರೆ ಶುರುವಲ್ಲಿ ಎತ್ತರ ಇದ್ದು, ಬಾವಿಗೆ ಬಿದ್ದ ಹಾಗೆ ಕೆಳಕ್ಕೆ ಬಿದ್ದಿತ್ತು.

"ಯೂಟ್ಯೂಬು ಇದನ್ನ ತೋರಿಸ್ದೋರಲ್ಲಿ ಬೇಕಾದಷ್ಟು ಜನ ಒತ್ತಿದ್ದಾರೆ. ಆದ್ರೆ ಅರ್ಧ ನಿಮಿಷ ಆಗೋದ್ರೊಳಗೆ ಮುಕ್ಕಾಲು ಪಾಲು ಎದ್ದೋಗಿದ್ದಾರೆ. ಒತ್ತಿದೋರು ಹಿಂಗೆ ಓಡೋದ್ರೆ, ಇದು ಜನಕ್ಕೆ ಬೇಡ ಅಂತ ಯೂಟ್ಯೂಬು ಬೇರೆಯೋರಿಗೆ ತೋರ್ಸೋದು ಕಮ್ಮಿ ಮಾಡುತ್ತೆ. ಓಡೋದೋರೂ ನಿಮ್ಮ ಮುಂದಿನದನ್ನ ಒತ್ತಲ್ಲ."

ಹಳೆಯದೊಂದನ್ನು ತೆಗೆದಳು. 'ಒಂದೇ ದಿನದ ಹುಳು ಒಂದೇ ಸಮ ಯಾಕೆ ಬೆಳೆಯಲ್ಲ?' ಒತ್ತಿದವರು ಕಮ್ಮಿ. ಗೆರೆ ಮಾತ್ರ ನಿಧಾನವಾಗಿ ಇಳಿಯುತ್ತಾ ಕೊನೆವರೆಗೂ ಹೋಗಿತ್ತು. ರೋಗದ ವಿಡಿಯೋದ ಕೆಳಗೆ ಯಾರೋ ಬರೆದಿದ್ದರು: 'ಅಕ್ಕಾ, ನೀವೂ ಹಿಂಗೇನಾ?'

ಶಶಿರೇಖಾ ಕೆಂಪರಾಜನಿಗೆ ಫೋನು ಮಾಡಿ, ಸಂಜೆ ಮನೆಗೆ ಬಾ ಅಂದಳು.

ಸಂಜೆ ಕೆಂಪರಾಜ ಬಂದ. ಫೋನು ಮುಂದಿಟ್ಟಳು. ಅವನು ನಕ್ಕ.

"ಚಿಕ್ಕಮ್ಮಾ, ಇದು ಕುತೂಹಲ. ಎಲ್ರೂ ಹಿಂಗೇ ಹಾಕೋದು. ಆ ಹಳೇ ಥರ ಹೆಸ್ರು ಇಟ್ರೆ ನೊಣಾನೂ ಬರಲ್ಲ."

"ಯಾಕೆ ಬೆಳೆಯಲ್ಲ ಅಂತ ಕೇಳಿದ್ದು ಕುತೂಹಲ ಅಲ್ವೇನೋ? ಒಳಕ್ಕೆ ಬಂದೋರಿಗೆ ಯಾಕೆ ಅಂತ ಸಿಕ್ತು. ಇದ್ರಲ್ಲಿ ರೋಗ ಎಲ್ಲೈತೆ ತೋರ್ಸು."

"ಮೊದ್ಲು ಜನ ಬರ್ಲಿ ಅಂತ."

"ಬಂದೋರು ಏನು ನೋಡ್ಬೇಕು? ನನ್ನ ಕಣ್ಣಿಗೆ ಬಿದ್ದ ಸುಣ್ಣಾನಾ?"

ಇನ್ನೆಷ್ಟಕ್ಕೆ ಹೀಗೆ ಮಾಡಿದ್ದಾನೆ ಅಂತ ಅವಳು ಒಂದೊಂದೇ ತೆಗೆಸಿದಳು. 'ಈ ಪುಡಿ ಹಾಕಿದ್ರೆ ಗೂಡು ಡಬಲ್' ಅಂತ ಒಂದು. ಒಳಗೆ ಇದ್ದದ್ದು ಹುಳುವಿನ ಹಾಸಿಗೆಗೆ ಸುಣ್ಣ ಎರಚುವುದು. ವಿಡಿಯೋ ಕೆಳಗಿನ ವಿವರಣೆಯಲ್ಲೂ, ಹುಡುಕುವವರಿಗೆ ಸಿಗಲಿ ಅಂತ ಹಾಕುವ ಪದಗಳಲ್ಲೂ ಇವಳು ಜನ್ಮದಲ್ಲಿ ಮುಟ್ಟದ ಔಷಧಿಗಳ ಹೆಸರು. ತನ್ನ ಬಾಯಿ ಆಡದ ಮಾತುಗಳೆಲ್ಲ ತನ್ನ ಹೆಸರಲ್ಲಿ ಊರು ಸುತ್ತಿ ಬಂದಿದ್ದವು.

ಅಲ್ಲೇ ಕೂರಿಸಿಕೊಂಡು ಎಲ್ಲವನ್ನೂ ಬದಲಾಯಿಸಿದಳು. ರೋಗದ ವಿಡಿಯೋಗೆ 'ಹಿಂದೆ ಬಿದ್ದ ಹುಳು ಯಾಕೆ ಆರಿಸಿ ತೆಗೀತೀವಿ?' ಅಂತ ಹೆಸರಾಯಿತು. ಚಿತ್ರಕ್ಕೆ ಕಡ್ಡಿ ಹಿಡಿದ ಕೈ. ಆಮೇಲೆ ಹೊಸದೊಂದು ತೆಗೆಯಬೇಕು ಅಂದಳು. ಬಾಗಿಲಿಂದ ಹಿಡಿದು ಹುಳು ಹರಡಿದ ಕೊನೇ ಅಟ್ಟದವರೆಗೂ, ಎಲ್ಲೂ ಕತ್ತರಿಸದೆ.

"ಹೆಸ್ರು?" ಅಂದ ಕೆಂಪರಾಜ.

"'ರೋಗ ಅಂತ ಹಾಕಿದ್ದು ಸುಳ್ಳು, ಹುಳು ಮನೆ ಪೂರ್ತಿ ನೋಡಿ.'"

"ಸುಳ್ಳು ಅಂತ ನಾವೇ ಬರ್ಕೊಂಡ್ರೆ ಚಾನೆಲ್ ಮುಗೀತು ಚಿಕ್ಕಮ್ಮಾ."

"ಹುಳ ಹಣ್ಣಾದ ದಿನ ನಿನ್ನ ಚಾನೆಲ್ ಬಂದು ಆರಿಸ್ಕೊಡುತ್ತೇನೋ?"

ಆ ವಿಡಿಯೋ ನೋಡಿದವರು ಕಮ್ಮಿ. ಚಂದನ ಅತ್ತೆಗೆ ತೋರಿಸಲು ಹೋದರೆ, "ಅವತ್ತು ಅತ್ತಿದ್ದು ಸುಳ್ಳಂತೆ, ಇವತ್ತಿಂದು ನಿಜವಂತೆ. ನೀನು ಯಾವಾಗಿಂದ ಅವಳ ವಕೀಲೆ ಆದೆ?" ಅಂತ ದ್ಯಾವಮ್ಮ ಫೋನು ತಳ್ಳಿದಳಂತೆ.

ಹುಳು ಹಣ್ಣಾಯಿತು. ಬೆಳಗ್ಗೆ ಗೋಪಾಲಪ್ಪ, ಶಶಿರೇಖಾ, ಕೆಂಪರಾಜ ಮೂವರೇ ಆರಿಸಲು ಕೂತರು. ಆರಿಸಿದಷ್ಟೂ ಹಿಂದಿನಿಂದ ಹಣ್ಣಾಗುತ್ತಿತ್ತು. ಕೈಗೆ ಸಿಗದವು ಸೊಪ್ಪಿನ ಕಸದೊಳಗೇ ನೂಲು ಬಿಡಲು ಶುರುಮಾಡಿದವು. ಹಾಗೆ ಕಟ್ಟಿದ ಗೂಡು ಕೊಳಕಾಗಿ ಕೆಲಸಕ್ಕೆ ಬರುವುದಿಲ್ಲ. ಶಶಿರೇಖಾ ಬಾಗಿಲ ಕಡೆ ನೋಡಬಾರದು ಅಂದುಕೊಂಡೇ ನೋಡುತ್ತಿದ್ದಳು.

ಊಟದ ಹೊತ್ತಿಗೆ ದ್ಯಾವಮ್ಮ ಬಂದಳು. ಹಿಂದೆ ಚಂದನ. ಒಳಗೆ ಬರಲಿಲ್ಲ, ಅಂಗಳದ ಕಲ್ಲಿನ ಮೇಲೆ ಕೂತಳು.

"ಕಣ್ಣಾರೆ ನೋಡ್ದೆ ನಾನು ಯಾವ್ದೂ ನಂಬಲ್ಲ. ಒಂದು ಮೊರದಲ್ಲಿ ಹುಳ ತಗೊಂಡ್ಬಾ. ನೀನು ಆರಿಸಿದ್ದಲ್ಲ. ಆ ಮೂಲೇದು, ಕೆಳಗಿನ ಅಟ್ಟದ್ದು."

ತಂದಳು. ದ್ಯಾವಮ್ಮ ಒಂದನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಂದನ್ನು ತಿರುಗಿಸಿ ನೋಡಿದಳು. ಮೂಸಿ ನೋಡಿದಳು.

"ಹುಳ ಚೆನ್ನಾಗೈತೆ. ನಿನ್ನ ಮಾತು ಹೆಂಗೈತೋ ನಂಗೊತ್ತಿಲ್ಲ."

"ಬಾರಕ್ಕಾ, ಕಸದಲ್ಲಿ ಕಟ್ತಾ ಅವೆ."

"ತಡಿ. ಚಂದನಾ, ಆ ಪೂರ್ತಿ ನೋಡಿ ಅನ್ನೋದು ಹಾಕು."

ಫೋನಿನಲ್ಲಿ ವಿಡಿಯೋ ಶುರುವಾಯಿತು. ದ್ಯಾವಮ್ಮ ಒಂದು ಕಣ್ಣು ಫೋನಿನಲ್ಲಿ, ಒಂದು ಕಣ್ಣು ತೆರೆದ ಬಾಗಿಲಿನೊಳಗೆ ಇಟ್ಟುಕೊಂಡು ಎರಡನ್ನೂ ಹೋಲಿಸಿ ನೋಡುತ್ತಿದ್ದಳು.

"ಇಲ್ಲಿ ಕತ್ತರಿಸಿದ್ದೀಯಾ?"

"ಇಲ್ಲಕ್ಕಾ. ಕಂಬ ಅಡ್ಡ ಬಂತು ಅಷ್ಟೇ."

"ಹ್ಞೂಂ."

ಒಳಗೆ ಹುಳು ಕೈ ಮೀರುತ್ತಿತ್ತು. ಆದರೂ ಶಶಿರೇಖಾ ಸಾಕು ಏಳು ಅನ್ನಲಿಲ್ಲ. ಎದ್ದುಹೋಗುವವರನ್ನು ಅವಳು ಗೆರೆಯಲ್ಲಿ ನೋಡಿದ್ದಳು. ಮೊರ ಹಿಡಿದುಕೊಂಡು ನಿಂತೇ ಇದ್ದಳು. ಕೊನೇ ಅಟ್ಟ ಬಂತು, ವಿಡಿಯೋ ನಿಂತಿತು. ದ್ಯಾವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಉಳಿದೋರಿಗೆ ಫೋನ್ ಮಾಡು ಚಂದನಾ. ನಾನು ನೋಡ್ದೆ ಅನ್ನು, ಅಷ್ಟೇ ಅನ್ನು. ಅವಳು ಹೇಳಿದ್ಲು ಅನ್ಬೇಡ."