ಭಾವನ ಅಂಗಡಿಯಲ್ಲಿ ಸಂದರ್ಶನದ ತಯಾರಿ

ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುವ ಆಕೆಯನ್ನು ಬಹಳ ವರ್ಷ ನಾನು ಬರೀ ಸಹಾಯಕಿ ಎಂದೇ ತಿಳಿದಿದ್ದೆ. ಗಲ್ಲಾದ ಹಿಂದೆ ಕನ್ನಡಕ ಏರಿಸಿ ಕೂತು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ಯಜಮಾನರು, ಆಕೆಯ ಗಂಡನ ಅಣ್ಣನಾದ ಭಾವನೇ ಫಾರ್ಮಸಿಸ್ಟ್ ಎಂದು ನಂಬಿ, ನನ್ನ ರಕ್ತದೊತ್ತಡದ ಗೋಳನ್ನೆಲ್ಲ ಅವರ ಮುಂದೆ ತೋಡಿಕೊಂಡಿದ್ದೂ ಉಂಟು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ "ಫಾರ್ಮಸಿಸ್ಟ್ ಯಾರು?" ಎಂದಾಗ ಎದ್ದು ನಿಂತವಳು ಈಕೆ. ಭಾವ ಮಾತ್ರ ಕೂತೇ ಇದ್ದರು.

ಅಂಗಡಿಯ ಪರವಾನಗಿ ನಿಂತಿದ್ದು ಈಕೆಯ ಹೆಸರಿನ ಮೇಲೆ. ಈಕೆ ಬಿಟ್ಟರೆ ಬಾಗಿಲಿಗೆ ಬೀಗ. ಹಾಗಾಗಿ ದೊಡ್ಡಾಸ್ಪತ್ರೆಯಿಂದ ಸಂದರ್ಶನಕ್ಕೆ ಕರೆ ಬಂದಾಗ ಭಾವ, "ಹೋಗಮ್ಮಾ, ಅನುಭವ ಆಗ್ಲಿ" ಎಂದರು. ಕೆಲಸ ಸಿಗುವುದಿಲ್ಲ ಎಂಬ ಭರವಸೆ ಅವರಿಗಿತ್ತು.

ಮಧ್ಯಾಹ್ನ ಬೇರೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ತಯಾರಿ ನಡೆಯಿತು. ಪ್ರಶ್ನೆ ಕೇಳುವ ಗಣ್ಯ ನಾನು. ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡೆ.

"ಚೀಟಿಯಲ್ಲಿ ಅಕ್ಷರ ಅರ್ಥವಾಗದಿದ್ದರೆ?"

"ಊಹೆ ಮಾಡಲ್ಲ. ಬರೆದ ಡಾಕ್ಟರ್‌ಗೆ ಫೋನ್ ಮಾಡ್ತೀನಿ. ಕೊಡೋ ಮುಂಚೆ ರೋಗಿ ಹೆಸರು, ಮಾತ್ರೆ, ಪವರ್, ಎಕ್ಸ್‌ಪೈರಿ ಮತ್ತೆ ನೋಡ್ತೀನಿ. ಅಲರ್ಜಿ ಇದೆಯಾ ಅಂತಾನೂ ಕೇಳ್ತೀನಿ."

"ರೋಗಿಗೆ ಹೇಳಿದ್ದು ಅರ್ಥವಾಯಿತು ಅಂತ ಹೇಗೆ ಗೊತ್ತಾಗುತ್ತೆ?"

"'ಗೊತ್ತಾಯ್ತಾ' ಅಂದ್ರೆ ಎಲ್ರೂ ತಲೆ ಆಡಿಸ್ತಾರೆ, ನಿಮ್ಮ ಥರ. ಹೇಗೆ ತಗೋತೀರಿ, ನೀವೇ ಹೇಳಿ ಅಂತ ಕೇಳ್ತೀನಿ."

ನನಗೆ ಕೆಮ್ಮು ಬಂತು.

"ಡಾಕ್ಟರೇ ಹೆಚ್ಚು ಡೋಸ್ ಬರೆದಿದ್ದರೆ?"

"ದೊಡ್ಡವರು ಬರೆದದ್ದನ್ನ ಕೊಟ್ಬಿಡೋದಪ್ಪ," ಎಂದು ಭಾವ ಗಲ್ಲಾದಿಂದಲೇ ತೀರ್ಪು ಕೊಟ್ಟರು.

"ಕೊಡಲ್ಲ. ಅವರನ್ನ ಕೇಳಿ, ಸರಿ ಮಾಡ್ಸಿ, ವಾರ್ಡಿನ ನರ್ಸಿಗೂ ತಿಳಿಸ್ತೀನಿ. ಅವಸರ ಅಂತ ನರ್ಸು ಬೈದ್ರೂ ಪರವಾಗಿಲ್ಲ."

"ನೀವು ಮಾಡಿದ ಒಂದು ತಪ್ಪು ಹೇಳಿ."

ಭಾವನ ಕೈಯಲ್ಲಿದ್ದ ಪೇಪರು ಕೆಳಗಿಳಿಯಿತು. "ಇಲ್ಲ ಅನ್ನಮ್ಮ. ಅಂಗಡಿ ಮಾನದ ಪ್ರಶ್ನೆ."

ನಡೆದದ್ದು ಇಷ್ಟು. ಥೈರಾಯ್ಡ್ ಮಾತ್ರೆಯ ಎರಡು ಪೆಟ್ಟಿಗೆಗಳ ಬಣ್ಣ ಒಂದೇ. ಒಬ್ಬ ಅಜ್ಜಿಗೆ ಇಪ್ಪತ್ತೈದು ಪವರಿನದರ ಬದಲು ಐವತ್ತರದ್ದು ಹೋಗಿತ್ತು. ಸ್ಟಾಕ್ ನೋಡುವಾಗ ಈಕೆಗೇ ಹೊಳೆದು, ಅಜ್ಜಿ ನುಂಗುವ ಮೊದಲೇ ಫೋನ್ ಮಾಡಿ, ಡಾಕ್ಟರಿಗೂ ಹೇಳಿ, ಪೆಟ್ಟಿಗೆಗಳನ್ನು ಬೇರೆ ಬೇರೆ ಕಪಾಟಿಗೆ ಹಾಕಿದ್ದಳು. ಇದನ್ನು ಹೇಳಿದರೆ ಮನೆಯಲ್ಲಿ ಮುಖ ಎತ್ತುವಂತಿಲ್ಲ. ಹೇಳದಿದ್ದರೆ ಆ ಪ್ರಶ್ನೆಗೆ ಉತ್ತರವಿಲ್ಲ. ಸಂದರ್ಶನಕ್ಕೆ ಹೊರಡುವವರೆಗೂ ಆಕೆ ಎರಡು ಕಪಾಟುಗಳ ಸಂದಿಯಲ್ಲಿ ಸಿಕ್ಕಿಬಿದ್ದವಳಂತೆ ಓಡಾಡಿದಳು.

ಅಲ್ಲಿ ಅದೇ ಪ್ರಶ್ನೆ ಕೇಳಿದರು. ನಡೆದದ್ದನ್ನೇ ಹೇಳಿದಳು. ಮುಂದಿನ ವಾರ ಕೆಲಸವೂ ಸಿಕ್ಕಿತು.

ಮನೆಯಲ್ಲಿ ಯಾರೂ ಸಿಹಿ ತರಲಿಲ್ಲ. ಗಂಡ, "ಅಣ್ಣಂಗೆ ಬೇಜಾರಾಗಿದೆ" ಎಂದಷ್ಟೇ ಹೇಳಿ ಟಿವಿ ಹಾಕಿದ. ಅಂಗಡಿಗೆ ಬೇರೆ ಫಾರ್ಮಸಿಸ್ಟ್ ಸಿಕ್ಕಿರಲಿಲ್ಲ. ನಾನು ಮಾತ್ರೆಗೆ ಹೋದಾಗ ಭಾವ ಕೊನೆಯ ಉಪಾಯ ಹೂಡುತ್ತಿದ್ದರು.

"ನೀನು ಹೋಗಮ್ಮ, ಹೆಸರು ಮಾತ್ರ ಇಲ್ಲೇ ಇರ್ಲಿ. ಅದೇನು ಊಟ ಕೇಳುತ್ತಾ?"

"ಊಟ ಕೇಳಲ್ಲ ಭಾವ. ನೀವು ತಪ್ಪು ಮಾತ್ರೆ ಕೊಟ್ರೆ ಜೈಲಿಗೆ ಹೋಗೋಳು ನಾನು. ಆಗಲ್ಲ."