ಕ್ಯಾರೆಟ್ ಕೇಕಿನ ಕೊನೆಯ ಸಾಲು

ಸೂರತ್ತಿನ ಆ ಅಪಾರ್ಟ್‌ಮೆಂಟಿನಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರಲು ಶುರುಮಾಡಿದ ಮೊದಲಿಗಳು ಫಾಲ್ಗುಣಿ. ಈಗ ಜನ ಮುಗಿಬೀಳುತ್ತಿದ್ದದ್ದು ಎದುರು ಮನೆಯ ಬಿನೀತಾಳ ಗುಲ್ಕಂದ್ ಕೇಕಿಗೆ. ಅದರ ಫೋಟೋ ಕೆಳಗಿನ ಹೊಗಳಿಕೆ ಓದಿದಾಗಲೆಲ್ಲ ಫಾಲ್ಗುಣಿಯ ಹೊಟ್ಟೆ ಉರಿಯುತ್ತಿತ್ತು.

ಗುರುವಾರ ಅವಳೂ ಇನ್‌ಸ್ಟಾಗ್ರಾಂನಲ್ಲಿ ಹಾಕಿದಳು: ‘ಹೊಸ ರುಚಿ! ಮೊಟ್ಟೆಯಿಲ್ಲದ ಕ್ಯಾರೆಟ್ ಕೇಕ್. ಶನಿವಾರ, ಭಾನುವಾರ ಮಾತ್ರ. ನಾಳೆಯೊಳಗೆ ಮೆಸೇಜ್ ಮಾಡಿ. ಜೈನರೂ ತಿನ್ನಬಹುದು.’ ಅವಸರಕ್ಕೆ ಹಳೆಯ ಚಾಕೊಲೇಟ್ ಕೇಕಿನ ಬರಹವನ್ನೇ ನಕಲು ಮಾಡಿ ಹೆಸರಷ್ಟೇ ಬದಲಿಸಿದ್ದಳು.

ಸ್ವಲ್ಪ ಹೊತ್ತಿಗೇ ಬಿನೀತಾ ಬಾಗಿಲು ಬಡಿದಳು.

“ಫಾಲ್ಗುಣಿಬೆನ್, ಕೊನೇ ಸಾಲಲ್ಲಿ ‘ಜೈನರೂ ತಿನ್ನಬಹುದು’ ಅಂತಿದೆ! ನೆಲದೊಳಗೆ ಬೆಳೆಯೋ ಕ್ಯಾರೆಟ್ಟನ್ನ ನಾವು ಜೈನರು ತಿಂತೀವಾ? ಬೇಗ ತೆಗೀರಿ, ಇನ್ನೂ ಯಾರೂ ನೋಡಿಲ್ಲ.”

“ನೀನು ನೋಡಿದ್ಯಲ್ಲ! ನನ್ನ ಪೇಜನ್ನೇ ಕಾಯ್ತಾ ಕೂತಿರ್ತೀಯೇನು?”

“ನೀವು ನನ್ನದನ್ನ ಕಾಯಲ್ವಾ?” ಎಂದು ನಕ್ಕು ಬಿನೀತಾ ಹೊರಟುಹೋದಳು.

ಫಾಲ್ಗುಣಿ ಹಲ್ಲು ಕಚ್ಚಿಕೊಂಡೇ ಆ ಸಾಲು ಅಳಿಸಿದಳು. ಸಂಜೆಯಿಂದ ಆರ್ಡರುಗಳು ಒಂದರ ಹಿಂದೊಂದು ಬರತೊಡಗಿದವು. ಆಸೆಯಿಂದ ಮೊದಲನೆಯದನ್ನು ತೆರೆದಳು, ಆಮೇಲೆ ಎರಡನೆಯದನ್ನು, ಮೂರನೆಯದನ್ನು. ಎಲ್ಲವೂ ಶುರುವಾಗಿದ್ದು ಒಂದೇ ಮಾತಿನಿಂದ: “ಬಿನೀತಾಬೆನ್ ಹೇಳಿದ್ರು, ನಿಮ್ಮ ಕ್ಯಾರೆಟ್ ಕೇಕ್ ತುಂಬಾ ಚೆನ್ನಾಗಿರುತ್ತಂತೆ.”